ಮೂರು ಕಪ್, ಒಂದು ದಾಳ

"ಹೊಸ ಗ್ರೈಂಡರ್ ತಂದ ಮೇಲೆ ಕಾಫಿಯ ರುಚಿ ಹೆಚ್ಚಿದೆ ಎನಿಸುತ್ತಿದೆ. ಇದು ನಿಜವೋ, ದುಡ್ಡು ಸುರಿದದ್ದರ ಭ್ರಮೆಯೋ? ಮನೆಯಲ್ಲೇ ತಿಳಿಯುವುದು ಹೇಗೆ?"

ಒಂದೇ ಬಗೆಯ ಮೂರು ಕಪ್ ತೆಗೆದುಕೊಳ್ಳಿ. ಎರಡರಲ್ಲಿ ಒಂದು ಗ್ರೈಂಡರಿನ ಕಾಫಿ, ಉಳಿದದ್ದರಲ್ಲಿ ಇನ್ನೊಂದರದು. ರುಚಿ ನೋಡುವವರು ಯಾವುದು ಚೆನ್ನಾಗಿದೆ ಎಂದು ಹೇಳಬೇಕಿಲ್ಲ, ಬೇರೆ ಯಾವುದು ಎಂದು ಬೆರಳು ತೋರಿಸಿದರೆ ಸಾಕು. ಸುರಿಯುವವರು ಮಾತ್ರ ಬೇರೊಬ್ಬರಿರಬೇಕು. ಕಪ್‌ಗಳನ್ನು ಜೋಡಿಸಲು ಒಟ್ಟು ಆರು ಕ್ರಮಗಳಿವೆ, ದಾಳಕ್ಕೂ ಆರೇ ಮುಖ. ಹಾಗಾಗಿ ಪ್ರತಿ ಸುತ್ತಿನ ಕ್ರಮವನ್ನು ದಾಳವೇ ಆರಿಸಲಿ.

ಸುಮ್ಮನೆ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಅದಕ್ಕೇ 9 ಸುತ್ತು ಮಾಡಿ. ಬರಿಯ ಅದೃಷ್ಟದಿಂದ 6 ಅಥವಾ ಹೆಚ್ಚು ಸುತ್ತು ಗೆಲ್ಲುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಮಾತ್ರ.

ಇಷ್ಟು ಸುಲಭ. ಕಷ್ಟವಿರುವುದು ಗ್ರೈಂಡರನ್ನು ಬಿಟ್ಟು ಬೇರೇನೂ ಬದಲಾಗದಂತೆ ನೋಡಿಕೊಳ್ಳುವುದರಲ್ಲಿ. ಮೊದಲ ಸಲ ನಾನು 9ರಲ್ಲಿ 8 ಸರಿ ಹೇಳಿ ಬೀಗಿದ್ದೆ. ಆಮೇಲೆ ಹೊಳೆಯಿತು: ಎರಡನೆಯದಾಗಿ ಇಳಿಸಿದ ಕಾಫಿ ಪ್ರತಿ ಸಲವೂ ಹೆಚ್ಚು ಬಿಸಿಯಾಗಿತ್ತು. ನಾನು ಗುರುತಿಸಿದ್ದು ಬಿಸಿಯನ್ನು! ಈಗ ಎರಡನ್ನೂ 50 ಡಿಗ್ರಿಗೆ ಇಳಿಯಲು ಬಿಟ್ಟು, ಥರ್ಮಾಮೀಟರ್ ನೋಡಿಯೇ 30 ಮಿಲಿಯಂತೆ ಸುರಿಸುತ್ತೇನೆ. ಬಣ್ಣದಲ್ಲೋ ತಿಳಿಯಲ್ಲೋ ವ್ಯತ್ಯಾಸ ಕಂಡರೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ.

ಇನ್ನೊಂದು ಮೋಸ ಪುಡಿಯ ನುಣುಪಿನದು. 15 ಗ್ರಾಂ ಪುಡಿಗೆ 250 ಮಿಲಿ ನೀರು ಸುರಿದಾಗ ಹಳೆಯ ಗ್ರೈಂಡರಿನ ಪುಡಿಯಲ್ಲಿ ನೀರು ಇಳಿಯಲು 3 ನಿಮಿಷ ಹಿಡಿಯುತ್ತಿತ್ತು, ಹೊಸದರಲ್ಲಿ 2 ನಿಮಿಷ 20 ಸೆಕೆಂಡು. ಹಾಗೆಯೇ ಹೋಲಿಸಿದ್ದರೆ ಅದು ತರಿ ಪುಡಿಗೂ ನುಣ್ಣನೆಯ ಪುಡಿಗೂ ನಡೆಯುವ ಸ್ಪರ್ಧೆ. ಗ್ರೈಂಡರಿಗೆ ಅದರಲ್ಲಿ ಪಾತ್ರವಿಲ್ಲ. ಹೊಸದನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ 3 ನಿಮಿಷಕ್ಕೆ ತಂದೆ. ಸಮಯ ಸಮನಾದ ಮಾತ್ರಕ್ಕೆ ಗಟ್ಟಿತನ ಸಮನಾಗುತ್ತದೆ ಎನ್ನಲಾಗದು. ರಿಫ್ರ್ಯಾಕ್ಟೋಮೀಟರ್ ಇದ್ದವರು ಅಳೆದು ನೋಡಲಿ.

ಬಹಳ ಜನ ಬಿಟ್ಟುಬಿಡುವ ಹೆಜ್ಜೆಯೊಂದಿದೆ. ಒಂದೇ ಗ್ರೈಂಡರಿನಿಂದ ಎರಡು ಸಲ ಕಾಫಿ ಮಾಡಿ, ಅವೆರಡನ್ನೇ ಹೀಗೆ ಪರೀಕ್ಷಿಸಿ. ಅಲ್ಲೂ ನೀವು ಬೇರೆಯದನ್ನು ಹಿಡಿಯುತ್ತಿದ್ದರೆ ತಪ್ಪು ನೀರು ಸುರಿಯುವ ನಿಮ್ಮ ಕೈಯದು. ಕೈಯ ಏರುಪೇರು ಒಂದು ಫಲಿತಾಂಶವನ್ನೇ ಆಳದಿರಲಿ ಎಂದು 9 ಸುತ್ತನ್ನೂ ಒಂದೇ ಜೋಡಿ ಕಾಫಿಯಲ್ಲಿ ಮುಗಿಸುವುದಿಲ್ಲ. ಮೂರು ಸುತ್ತಿಗೊಮ್ಮೆ ಎರಡನ್ನೂ ಹೊಸದಾಗಿ ಮಾಡುತ್ತೇನೆ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ನನಗೆ ಬಂದ ಅಂಕ 9ಕ್ಕೆ 4. ಎರಡು ಗ್ರೈಂಡರೂ ಒಂದೇ ಎಂದು ಇದರಿಂದ ಸಾಬೀತಾಗುವುದಿಲ್ಲ, ಸಣ್ಣ ವ್ಯತ್ಯಾಸ 9 ಸುತ್ತಿಗೆ ಸಿಗದೆ ಹೋಗಬಹುದು. ಆದರೂ ಹಳೆಯದನ್ನು ಮಾರುವ ಯೋಚನೆಯನ್ನು ಅಂದೇ ಕೈಬಿಟ್ಟೆ.