ರೆಫರೆನ್ಸ್ ಕೊಡುವ ಮೊದಲು ಒಂದು ಫೋನ್

ಬೆಳ್ಳಂದೂರಿನ ಕಂಪನಿಯೊಂದರ ರಿಕ್ರೂಟರ್ ಎರಡು ರೆಫರೆನ್ಸ್ ಕೇಳಿದರು. ಡೈರೆಕ್ಟರ್ ನಂಬರ್ ಕೊಡುವ ಆಸೆಯೇನೋ ಆಯ್ತು. ಆದರೆ ಅವರು "ಒಳ್ಳೆ ಹುಡುಗ" ಅನ್ನುವುದು ಬಿಟ್ಟು ಇನ್ನೇನು ಹೇಳಿಯಾರು? ದಿನಾ ಜೊತೆಗಿದ್ದ ಹಳೇ ಟೀಮ್ ಲೀಡ್ ಮೇಡಂಗೇ ಫೋನ್ ಮಾಡಿದೆ. "ಧಾರಾಳವಾಗಿ ಕೊಡಪ್ಪ, ಆದ್ರೆ ಸ್ವಲ್ಪ ನೆನಪು ಮಾಡು" ಅಂದರು. ಹೊಸ ಕೆಲಸದ ವಿವರ, ಪೇಮೆಂಟ್ ಪ್ರಾಜೆಕ್ಟ್‌ನಲ್ಲಿ ನಾನು ಮಾಡಿದ್ದು, ಕಂಪನಿ ಬಿಟ್ಟ ತಿಂಗಳು, ಎಲ್ಲ ವಾಟ್ಸಾಪ್ ಮಾಡಿದೆ. ರಿಕ್ರೂಟರ್ ಹೆಸರು, ನಂಬರ್ ಕೂಡ. ಇಲ್ಲದಿದ್ದರೆ ಲೋನ್ ಕಾಲ್ ಅಂತ ಕಟ್ ಮಾಡುತ್ತಾರೆ, ಅಲ್ವಾ? ಸಂಜೆ ಮೇಡಂ ಔಟರ್ ರಿಂಗ್ ರೋಡ್‌ನಲ್ಲಿ ಕಾರು ಓಡಿಸುತ್ತಿರುತ್ತಾರೆ, ಬೆಳಿಗ್ಗೆ ಮಾಡಿ ಅಂತ ರಿಕ್ರೂಟರ್‌ಗೂ ಹೇಳಿದೆ. ಈಗಿನ ಮ್ಯಾನೇಜರ್ ನಂಬರ್ ಮಾತ್ರ ಆಫರ್ ಲೆಟರ್ ಕೈಗೆ ಬರುವವರೆಗೂ ಕೊಡಲ್ಲ ಅಂದೆ. "ಪರವಾಗಿಲ್ಲ ಸರ್, ಎಲ್ಲರೂ ಹಾಗೇ ಹೇಳೋದು" ಅಂದರು.