ಮಿಕ್ಸಿ ಜಾಹೀರಾತು ಎಲ್ಲಿ ಕೂರಬೇಕು?

ಇವತ್ತು ಬಿಸಿಬೇಳೆಬಾತ್ ವಿಡಿಯೋಗೆ ಸ್ಕ್ರಿಪ್ಟ್ ಬರೆದೆ. ಪ್ರಾಯೋಜಕರದು ಮಿಕ್ಸಿ ಕಂಪನಿ. ಹೇಳಲೇಬೇಕಾದ ಮಾತು ನಾಲ್ಕು: 750 ವ್ಯಾಟ್ ಮೋಟಾರ್, ಚಿಕ್ಕ ಜಾರ್, 2 ವರ್ಷ ವಾರಂಟಿ, ರಿಯಾಯಿತಿ ಕೋಡ್.

ನಾಲ್ಕನ್ನೂ ಒಟ್ಟಿಗೆ ಹೇಳಿದರೆ ಅಡುಗೆ ಅಲ್ಲೇ ನಿಂತುಹೋಗುತ್ತೆ, ನೋಡುವವರು ಮುಂದಕ್ಕೆ ಓಡಿಸ್ತಾರೆ. ಅದಕ್ಕೇ ಹುರಿದ ಮಸಾಲೆ ಪುಡಿ ಮಾಡುವ ಜಾಗಕ್ಕೆ ತಂದೆ. "ಚಕ್ಕೆ, ಮರಾಠಿ ಮೊಗ್ಗು ತರಿತರಿಯಾಗಿ ಉಳಿದ್ರೆ ಬಾಯಿಗೆ ಸಿಗುತ್ತೆ. ಇದು 750 ವ್ಯಾಟ್, ನುಣ್ಣಗಾಗುತ್ತೆ. ಪುಡಿ ಸ್ವಲ್ಪವೇ ಇರೋದ್ರಿಂದ ಚಿಕ್ಕ ಜಾರ್ ತಗೊಳ್ಳಿ, ದೊಡ್ಡದರಲ್ಲಿ ಬ್ಲೇಡಿಗೆ ಸಿಗಲ್ಲ." ಎರಡು ಅಂಶ ಅಡುಗೆಯ ಮಾತಾಗಿಯೇ ಮುಗಿದವು. ಆದರೆ ಹೀಗೆ ಬರೆಯೋಕೆ ಮೊದಲು ಆ ಮಿಕ್ಸಿಯಲ್ಲೇ ಪುಡಿ ಮಾಡಿ ನೋಡಿರಬೇಕು.

ವಾರಂಟಿ, ಕೋಡ್ ಎಂದೂ ಅಡುಗೆಯ ಮಾತಾಗಲ್ಲ. ಅವನ್ನು ಮರೆಮಾಚದೆ, ಕುಕ್ಕರ್ ಕೂಗುವವರೆಗಿನ ಬಿಡುವಿನಲ್ಲಿ ನೇರವಾಗಿ ಎರಡು ವಾಕ್ಯ. ವಾರಂಟಿಯ ಮಾತು ಕಂಪನಿ ಕೊಟ್ಟ ಹಾಗೇ ಇರಬೇಕು, ನಮ್ಮ ಭಾಷೆಗೆ ತಿರುಗಿಸಿದರೆ ಅರ್ಥ ಜಾರಬಹುದು.

ಮಾತು ಎಷ್ಟು ಸಹಜವಾಗಿ ಬೆರೆಯುತ್ತೋ, ಜಾಹೀರಾತು ಅನ್ನೋದು ಅಷ್ಟೇ ಸ್ಪಷ್ಟವಾಗಿ ಕಾಣಬೇಕು. 2 ನಿಮಿಷ ದಾಟಿದ ವಿಡಿಯೋದಲ್ಲಿ ಆ ಭಾಗ ಮುಗಿಯುವತನಕ ಲೇಬಲ್ ಇರಬೇಕು ಅನ್ನುತ್ತೆ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ. ನನಗದು ಸರಿಯೆನಿಸುತ್ತೆ.