ಮುಟ್ಟಿನ ಮೊದಲ ದಿನದ ತೂಕ

ಆ ದಿನ ಬೆಳಿಗ್ಗೆ ತಂಗಿ ತೂಕದ ಯಂತ್ರದಿಂದ ಇಳಿದವಳೇ, ರಾತ್ರಿಯ ಊಟವನ್ನು ಅಂದಿನಿಂದಲೇ ಬಿಟ್ಟುಬಿಡುವುದಾಗಿ ಹೇಳಿದಳು. ಹಿಂದಿನ ತಿಂಗಳಿನಿಂದ ಅವಳು ದಿನಕ್ಕೆ ಸುಮಾರು 250 ಕ್ಯಾಲೊರಿಯಷ್ಟು ಆಹಾರವನ್ನು ಕಡಿಮೆ ಮಾಡಿಕೊಂಡು, ತಪ್ಪದೆ ನಡೆಯುತ್ತಾ, ತೂಕವನ್ನು ಬರೆದಿಟ್ಟುಕೊಳ್ಳುತ್ತಿದ್ದಳು. ಋತುಚಕ್ರದ ಆರನೆಯ ದಿನ 64.2 ಕಿಲೋ ಇದ್ದದ್ದು ಹದಿಮೂರನೆಯ ದಿನ 63.9ಕ್ಕೆ ಇಳಿದಿತ್ತು; ಇಪ್ಪತ್ತನೆಯ ದಿನವೂ ಅಷ್ಟೇ ಇತ್ತು. ಇಪ್ಪತ್ತೇಳನೆಯ ದಿನ ಅದು 64.6 ಆಯಿತು. ಈಗ ಮುಟ್ಟಾದ ಮೊದಲ ದಿನ ಯಂತ್ರ 64.8 ತೋರಿಸುತ್ತಿತ್ತು. "ಅಕ್ಕಾ, ಇಷ್ಟು ಕಷ್ಟಪಟ್ಟರೂ ಅರ್ಧ ಕಿಲೋಗಿಂತ ಹೆಚ್ಚೇ ಆಗಿದೆ ನೋಡು" ಎಂದಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳ ಶ್ರಮವನ್ನು ನಾನು ದಿನವೂ ನೋಡುತ್ತಿದ್ದುದರಿಂದ, ಆ ಅಂಕಿಯನ್ನು ಹಾಗೆಯೇ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಇಬ್ಬರೂ ಕುಳಿತು ಮೊದಲು ಒಂದು ಲೆಕ್ಕ ಮಾಡಿದೆವು. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ಇಪ್ಪತ್ತನೆಯ ದಿನದಿಂದ ಇಪ್ಪತ್ತೇಳನೆಯ ದಿನದೊಳಗೆ ಹೆಚ್ಚಿದ 0.7 ಕಿಲೋ ಕೊಬ್ಬೇ ಆಗಿದ್ದರೆ, ಆ ವಾರ ಅವಳು ದೇಹಕ್ಕೆ ಬೇಕಾದುದಕ್ಕಿಂತ ದಿನಕ್ಕೆ 770 ಕ್ಯಾಲೊರಿಯಷ್ಟು ಹೆಚ್ಚು ತಿಂದಿರಬೇಕಾಗಿತ್ತು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹಸಿವು ತುಸು ಹೆಚ್ಚುವುದು ನಿಜ, ಆದರೆ ಅಷ್ಟು ದೊಡ್ಡ ಮೊತ್ತ ತಿಂದವರ ಗಮನಕ್ಕೆ ಬಾರದೆ ಏಳು ದಿನವೂ ಹೊಟ್ಟೆ ಸೇರುವಂಥದ್ದಲ್ಲ. ಹಾಗಾದರೆ ಏರಿದ್ದು ಕೊಬ್ಬಲ್ಲ, ಬಹುಪಾಲು ನೀರು.

ಆ ನೀರು ಎಲ್ಲಿಂದ ಬಂತೆಂಬುದನ್ನು ತಿಳಿದುಕೊಂಡರೆ ಭಯ ಅರ್ಧ ಕಡಿಮೆಯಾಗುತ್ತದೆ. ಅಂಡಾಶಯದಿಂದ ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ. ಮೂತ್ರಪಿಂಡದಲ್ಲಿ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಆಲ್ಡೋಸ್ಟೆರಾನ್ ಕೂರಬೇಕಾದ ಜಾಗದಲ್ಲೇ ಈ ಪ್ರೊಜೆಸ್ಟರಾನ್ ಕೂತು, ಅದರ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆಗ ಸ್ವಲ್ಪ ಸೋಡಿಯಂ ಹೊರಹೋಗುವುದರಿಂದ, ನಷ್ಟವನ್ನು ತುಂಬಿಕೊಳ್ಳಲು ದೇಹವು ಆಲ್ಡೋಸ್ಟೆರಾನನ್ನು ಮೊದಲಿಗಿಂತ ಹೆಚ್ಚು ಉತ್ಪಾದಿಸುತ್ತದೆ. ಮುಟ್ಟು ಹತ್ತಿರವಾದಂತೆ ಪ್ರೊಜೆಸ್ಟರಾನ್ ಇಳಿದುಬಿಡುತ್ತದೆ, ಆದರೆ ಹೆಚ್ಚಾಗಿದ್ದ ಆಲ್ಡೋಸ್ಟೆರಾನಿನ ಪ್ರಭಾವ ತಕ್ಷಣ ಇಳಿಯುವುದಿಲ್ಲ. ಉಪ್ಪಿನ ಜೊತೆಗೆ ನೀರೂ ಕೆಲವು ದಿನ ದೇಹದಲ್ಲಿ ನಿಲ್ಲುತ್ತದೆ. ಇದರ ಜೊತೆಗೆ ಕರುಳಿನ ಚಲನೆ ನಿಧಾನವಾಗಿ ಹೊಟ್ಟೆ ಉಬ್ಬರಿಸುವುದೂ ಉಂಟು. ಅದನ್ನು ನೀರಿನೊಂದಿಗೆ ಕಲಸಬಾರದು, ಏಕೆಂದರೆ ಉಬ್ಬರಿಸಿದ ಹೊಟ್ಟೆ ನೋಡಲು ದೊಡ್ಡದಾದರೂ ಅದರಲ್ಲಿರುವ ಗಾಳಿಗೆ ತೂಕವೆಂಬುದು ಇಲ್ಲವೆನ್ನುವಷ್ಟು ಕಡಿಮೆ.

ಮುಟ್ಟು ಆರಂಭವಾದ ಕೂಡಲೇ ನೀರು ಇಳಿದಿರಬೇಕೆಂದು ಬಹಳ ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಅನೇಕರಿಗೆ ಮೈ ಅತ್ಯಂತ ಬಿಗಿಯಾಗಿರುವುದು ಸ್ರಾವದ ಮೊದಲ ದಿನವೇ, ಕಡಿಮೆಯಾಗುವುದು ಆಮೇಲಿನ ನಾಲ್ಕೈದು ದಿನಗಳಲ್ಲಿ. ತಂಗಿಯ ವಿಷಯದಲ್ಲಿ ಅದು ಕಣ್ಣಿಗೇ ಕಾಣುತ್ತಿತ್ತು. ಉಂಗುರವನ್ನು ತಿರುಗಿಸಿ ತಿರುಗಿಸಿ ತೆಗೆಯಬೇಕಾಯಿತು. ಕಾಲುಚೀಲದ ಅಂಚು ಕೂತಿದ್ದ ಕಡೆ ಗೆರೆ ಎದ್ದು ಕಾಣುತ್ತಿತ್ತು, ಆದರೆ ಸ್ವಲ್ಪ ಹೊತ್ತಿಗೆ ಮಾಸಿಹೋಯಿತು. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಮೇಲೆ ನಾನು ಬೆರಳೂರಿ ಕೆಲವು ಕ್ಷಣ ಒತ್ತಿ ಬಿಟ್ಟೆ. ಗುಳಿ ಉಳಿಯಲಿಲ್ಲ. ಉಳಿದಿದ್ದರೆ ನಾನು ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಅವಳನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ.

ಆಮೇಲೆ ಅವಳ ಹಿಂದಿನ ಪುಟವನ್ನು ತೆರೆದೆವು. ಹಿಂದಿನ ಮುಟ್ಟಿನ ಮೊದಲ ದಿನ ಅವಳ ತೂಕ 65.6 ಕಿಲೋ ಇತ್ತು. ಅಂದರೆ ಮೊದಲ ದಿನವನ್ನು ಮೊದಲ ದಿನದ ಜೊತೆಗೇ ಇಟ್ಟು ನೋಡಿದರೆ, ತೂಕ 65.6ರಿಂದ 64.8ಕ್ಕೆ ಬಂದು, 0.8 ಕಿಲೋ ಇಳಿದಿತ್ತು. ದಿನಕ್ಕೆ 250 ಕ್ಯಾಲೊರಿಯಂತೆ 28 ದಿನಕ್ಕೆ ಆಗುವ 7,000 ಕ್ಯಾಲೊರಿ ಎಂದರೆ ಸುಮಾರು 0.9 ಕಿಲೋ ಕೊಬ್ಬು. ಅವಳ ಶ್ರಮ ಮತ್ತು ಪುಸ್ತಕದ ಅಂಕಿ ಹೆಚ್ಚುಕಡಿಮೆ ಹೊಂದಿಕೊಂಡೇ ಇದ್ದವು. ಅವಳನ್ನು ಅಳಿಸಿದ್ದು ಆರನೆಯ ದಿನದ ಒಣಗಿದ ಮೈಯನ್ನು ಮೊದಲ ದಿನದ ನೀರು ತುಂಬಿದ ಮೈಯೊಂದಿಗೆ ಹೋಲಿಸಿದ ಆ ಒಂದು ಹೋಲಿಕೆ. ನಿಧಾನವಾಗಿ ತೂಕ ಇಳಿಸುವವರಿಗೆ ಇದು ಹೆಚ್ಚು ಮೋಸಮಾಡುತ್ತದೆ, ಏಕೆಂದರೆ ತಿಂಗಳಿಗೆ ಇಳಿಯುವ ಕೊಬ್ಬು ಮತ್ತು ಕೆಲವು ದಿನ ನಿಲ್ಲುವ ನೀರು ಎರಡೂ ಹತ್ತಿರ ಹತ್ತಿರ ಒಂದೇ ಅಳತೆಯವು. ಈ ನೀರು ಕೆಲವರಲ್ಲಿ ಅರ್ಧ ಕಿಲೋ, ಕೆಲವರಲ್ಲಿ ಎರಡು ಕಿಲೋವರೆಗೂ ಇರಬಹುದು. ಏನೂ ವ್ಯತ್ಯಾಸ ಕಾಣದವರೂ ಇದ್ದಾರೆ.

ಅವಳ ಯಂತ್ರ ಕೊಬ್ಬಿನ ಶೇಕಡಾ ಪ್ರಮಾಣವನ್ನೂ ತೋರಿಸುತ್ತಿತ್ತು. ಪಾದಗಳ ಮೂಲಕ ಸಣ್ಣ ವಿದ್ಯುತ್ತನ್ನು ಹರಿಸಿ, ಮೈ ಎಷ್ಟು ತಡೆಯೊಡ್ಡುತ್ತದೆ ಎಂಬುದರಿಂದ ಅದು ಕೊಬ್ಬನ್ನು ಅಂದಾಜು ಮಾಡುತ್ತದೆಯೇ ಹೊರತು ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ನೀರು ಹೆಚ್ಚುಕಡಿಮೆಯಾದರೆ ಆ ಅಂದಾಜೂ ಅಲುಗಾಡುತ್ತದೆ. ಮುಟ್ಟಿನ ಆಸುಪಾಸಿನಲ್ಲಿ ಅದನ್ನು ನೋಡದಿರುವುದೇ ವಾಸಿ.

ಮೂತ್ರ ಹೆಚ್ಚಿಸುವ ಮಾತ್ರೆಯೊಂದನ್ನು ಗೆಳತಿ ಹೇಳಿದ್ದಾಳೆ, ತೆಗೆದುಕೊಳ್ಳಲೇ ಎಂದು ಅವಳು ಕೇಳಿದಳು. ಬೇಡವೆಂದು ಖಂಡಿತವಾಗಿ ಹೇಳಿದೆ. ವೈದ್ಯರ ಸಲಹೆಯಿಲ್ಲದೆ ತೆಗೆದುಕೊಂಡ ಇಂಥ ಮಾತ್ರೆಗಳಲ್ಲಿ ಹಲವು ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತವೆ, ಮತ್ತು ನಿಲ್ಲಿಸಿದಾಗ ದೇಹ ಮೊದಲಿಗಿಂತ ಹೆಚ್ಚು ನೀರನ್ನು ಹಿಡಿದುಕೊಳ್ಳಬಹುದು. ಕರಗುವ ಕೊಬ್ಬು ಮಾತ್ರ ಒಂದು ಗ್ರಾಮೂ ಇಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡುವುದೂ ಪರಿಹಾರವಲ್ಲ. ಬಾಯಾರಿಕೆಯಿದ್ದಷ್ಟು ಕುಡಿದು, ಉಪ್ಪು ಅತಿಯಾಗದಂತೆ ನೋಡಿಕೊಂಡು, ಊಟವನ್ನು ಎಂದಿನಂತೆ ಮುಂದುವರಿಸಿದರೆ ಸಾಕು.

ಆದರೆ ಎಲ್ಲ ಊತವನ್ನೂ ಮುಟ್ಟಿನ ಖಾತೆಗೆ ಹಾಕಬಾರದು ಎಂಬುದನ್ನೂ ಅವಳಿಗೆ ಒತ್ತಿ ಹೇಳಿದೆ. ಸ್ರಾವ ನಿಂತ ಮೇಲೂ ಇಳಿಯದ ತೂಕ, ಒಂದೇ ಕಾಲಿನಲ್ಲಿ ನೋವಿನೊಂದಿಗೆ ಬರುವ ಊತ, ಒತ್ತಿದರೆ ಗುಳಿ ಉಳಿಯುವ ಕಾಲು, ಬೆಳಿಗ್ಗೆ ಎದ್ದಾಗ ಊದಿದ ಮುಖ, ಮಲಗಿದರೆ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರು ನೋಡಲೇಬೇಕು. ಗರ್ಭ ನಿಂತಿರುವ ಸಾಧ್ಯತೆ ಇದ್ದರೆ ಅದನ್ನೂ ಮೊದಲು ಪರೀಕ್ಷಿಸಿಕೊಳ್ಳಬೇಕು.

ಮುಂದಿನ ಆರನೆಯ ದಿನ ಯಂತ್ರ 63.4 ತೋರಿಸಿದಾಗ ಅವಳು ಹಿಗ್ಗಿದಳು, ಐದು ದಿನದಲ್ಲಿ 1.4 ಕಿಲೋ ಇಳಿಯಿತಲ್ಲ ಎಂದು. ಇದೂ ತಪ್ಪು ಓದೇ. ಅಷ್ಟು ಕೊಬ್ಬು ಐದು ದಿನದಲ್ಲಿ ಕರಗಬೇಕಾದರೆ ದಿನಕ್ಕೆ 2,000 ಕ್ಯಾಲೊರಿಗೂ ಮೀರಿದ ಕೊರತೆ ಬೇಕು, ಅಂದರೆ ಹೆಚ್ಚುಕಡಿಮೆ ಏನನ್ನೂ ತಿನ್ನದೆ ಇದ್ದಂತೆ. ಆ ವಾರದಲ್ಲಿ ಯಾರಾದರೂ ಹೊಸ ಪಥ್ಯವನ್ನೋ ಕಷಾಯವನ್ನೋ ಆರಂಭಿಸಿದರೆ, ಮೂತ್ರಪಿಂಡಗಳು ಮಾಡಿದ ಕೆಲಸದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಮುಂದಿನ ಮುಟ್ಟು ಬಂದಾಗ ಅದು ಫಲಿಸಲಿಲ್ಲವೆಂಬ ನಿರಾಸೆಯೂ ಹಾಗೆಯೇ ಬರುತ್ತದೆ. ಅವಳಿಗೆ ನಿಜವಾದ ಅಂಕಿ ಆರನೆಯ ದಿನದಿಂದ ಆರನೆಯ ದಿನಕ್ಕೆ 64.2 ಮತ್ತು 63.4, ಅಂದರೆ ಅದೇ 0.8.

ಮುಟ್ಟು ಕ್ರಮವಾಗಿ ಬರದವರಿಗೆ ದಿನದ ಎಣಿಕೆ ಉಪಯೋಗಕ್ಕೆ ಬಾರದು. ಅವರು ದಿನವೂ ಎದ್ದು, ಮೂತ್ರವಿಸರ್ಜನೆ ಮಾಡಿ, ಏನನ್ನೂ ತಿನ್ನುವ ಮುನ್ನ ತೂಕ ನೋಡಿ ಏಳು ದಿನಗಳ ಸರಾಸರಿ ತೆಗೆಯುವುದು, ಮತ್ತು ಸ್ರಾವ ನಿಂತ ಮೇಲಿನ ವಾರದ ಸರಾಸರಿಯನ್ನು ಹಿಂದಿನ ಸಲದ ಅಂಥದೇ ವಾರದ ಸರಾಸರಿಯೊಂದಿಗೆ ಇಟ್ಟು ನೋಡುವುದು ಮೇಲು.